ನಾಲ್ಕೂ ಸೊನ್ನೆ ಬಂದ ಕಥೆ: ಕ್ಯೂಆರ್ ಅಲ್ಗಾರಿದಮ್ ಸಿಕ್ಕಿಹಾಕಿಕೊಂಡ ಒಂದು ಪ್ರಕರಣ

ನನ್ನ ಗೆಳತಿಯೊಬ್ಬಳು ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಬ್ಯುಟಾಡೈನ್ ಅನ್ನುವ ಅಣುವಿನ ಎಲೆಕ್ಟ್ರಾನ್ ಮಟ್ಟಗಳನ್ನು ಮಕ್ಕಳಿಗೆ ಲೆಕ್ಕ ಹಾಕಿ ತೋರಿಸಬೇಕಿತ್ತು. ಹ್ಯೂಕೆಲ್ ವಿಧಾನದಲ್ಲಿ ಇದು ಬಹಳ ಸರಳ. ನಾಲ್ಕು ಕಾರ್ಬನ್ ಪರಮಾಣುಗಳು ಸಾಲಾಗಿ ನಿಂತಿವೆ, ಅಕ್ಕಪಕ್ಕ ಇರುವವರ ನಡುವೆ 1, ಉಳಿದ ಕಡೆಯೆಲ್ಲ 0 ಹಾಕಿ ಮ್ಯಾಟ್ರಿಕ್ಸ್ ಬರೆಯಬೇಕು, ಅದರ ಐಗನ್‌ವ್ಯಾಲ್ಯೂಗಳೇ ಎಲೆಕ್ಟ್ರಾನ್ ಮಟ್ಟಗಳು.

```
0 1 0 0
1 0 1 0
0 1 0 1
0 0 1 0
```

"ನಿನ್ನ ಹತ್ತಿರ ಆ ಕ್ಯೂಆರ್ ಪ್ರೋಗ್ರಾಂ ಇದೆಯಲ್ಲ, ಅದಕ್ಕೆ ಹಾಕಿ ನೋಡೋ" ಅಂದಳು. ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 0, 0, 0, 0.

ಅವಳು ನಕ್ಕಳು. "ನಾಲ್ಕೂ ಸೊನ್ನೆ ಅಂದರೆ ಈ ಅಣುವಿನಲ್ಲಿ ಬಂಧವೇ ಇಲ್ಲ ಅಂತ ಅರ್ಥ ಕಣೋ. ನಾಲ್ಕು ಕಾರ್ಬನ್ನೂ ಒಂದರ ಮುಖ ಒಂದು ನೋಡದೆ ಸುಮ್ನೆ ನಿಂತಿವೆ ಅನ್ನುತ್ತಿದೆ ನಿನ್ನ ಪ್ರೋಗ್ರಾಂ."

ನನಗೆ ಅವಮಾನಕ್ಕಿಂತ ಆಶ್ಚರ್ಯ ಜಾಸ್ತಿ ಆಯಿತು. ಹಿಂದಿನ ದಿನವಷ್ಟೇ ಇದೇ ಪ್ರೋಗ್ರಾಂ ಇನ್ನೊಂದು ಮ್ಯಾಟ್ರಿಕ್ಸ್‌ಗೆ ಸರಿಯಾದ ಉತ್ತರ ಕೊಟ್ಟಿತ್ತು. ಕರ್ಣದ ಮೇಲೆ 2, 2, 2, ಅದರ ಪಕ್ಕದಲ್ಲಿ −1 ಇರುವ ಮೂರು ಸಾಲಿನ ಮ್ಯಾಟ್ರಿಕ್ಸ್ ಅದು. 3.4142, 2, 0.5858 ಅಂತ ನಾಲ್ಕು ದಶಮಾಂಶದವರೆಗೂ ಕರೆಕ್ಟಾಗಿ ಬಂದಿತ್ತು. ಪ್ರೋಗ್ರಾಂ ಆದರೂ ಎಷ್ಟು ದೊಡ್ಡದು? ಇಷ್ಟೇ:

```python
def eigs(A, tol=1e-10):
    while True:
        Q, R = np.linalg.qr(A)
        B = R @ Q
        if np.max(np.abs(np.diag(B) - np.diag(A))) < tol:
            return np.diag(B)
        A = B
```

ಗೊತ್ತಿಲ್ಲದವರಿಗೆ ಇದರ ಹಿಂದಿನ ಐಡಿಯಾ ಒಂದು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಮ್ಯಾಟ್ರಿಕ್ಸ್ A ಅನ್ನು ಎರಡು ತುಂಡು ಮಾಡುತ್ತೇವೆ. ಒಂದು Q, ಇದರ ಕಂಬಸಾಲುಗಳೆಲ್ಲ ಒಂದಕ್ಕೊಂದು ಲಂಬ, ಪ್ರತಿಯೊಂದರ ಉದ್ದವೂ 1. ಇನ್ನೊಂದು R, ಇದರಲ್ಲಿ ಕರ್ಣದ ಕೆಳಗೆ ಎಲ್ಲವೂ ಸೊನ್ನೆ. A = QR. ಈಗ ಅದೇ ಎರಡು ತುಂಡುಗಳನ್ನು ತಿರುಗುಮುರುಗು ಮಾಡಿ ಗುಣಿಸಿದರೆ ಹೊಸ ಮ್ಯಾಟ್ರಿಕ್ಸ್ RQ ಸಿಗುತ್ತದೆ. ಅದನ್ನು ಮತ್ತೆ ಒಡೆಯಿರಿ, ಮತ್ತೆ ತಿರುಗಿಸಿ ಗುಣಿಸಿ. ಅಷ್ಟೇ. ಮೊದಲ ಸಲ ನೋಡಿದಾಗ ಇದೇನು ಮಕ್ಕಳಾಟ ಅನ್ನಿಸುತ್ತದೆ, ಅಲ್ವಾ? ಆದರೆ R = QᵀA ಆದ್ದರಿಂದ RQ ಅಂದರೆ QᵀAQ. ಅಂದರೆ ಹೊಸ ಮ್ಯಾಟ್ರಿಕ್ಸ್ ಬೇರೆ ಏನೂ ಅಲ್ಲ, ಹಳೆಯದನ್ನೇ ಬೇರೆ ಕೋನದಿಂದ ನೋಡಿದ್ದು. ಐಗನ್‌ವ್ಯಾಲ್ಯೂಗಳು ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಸುತ್ತು ಕಳೆದಂತೆ ಕರ್ಣದ ಕೆಳಗಿನ ಸಂಖ್ಯೆಗಳು ಕರಗುತ್ತಾ ಹೋಗುತ್ತವೆ, ಕೊನೆಗೆ ಐಗನ್‌ವ್ಯಾಲ್ಯೂಗಳೆಲ್ಲ ಕರ್ಣದ ಮೇಲೆ ಬಂದು ಕೂರುತ್ತವೆ, ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಜಾನ್ ಫ್ರಾನ್ಸಿಸ್ ಇಂಗ್ಲೆಂಡಿನಲ್ಲಿ, ವೆರಾ ಕುಬ್ಲನೊವ್‌ಸ್ಕಯಾ ಸೋವಿಯತ್ ಒಕ್ಕೂಟದಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ 1961ರ ಹೊತ್ತಿಗೆ ಇದನ್ನು ಪ್ರಕಟಿಸಿದರು.

ಸರಿ, ಹಾಗಾದರೆ ಬ್ಯುಟಾಡೈನ್‌ನಲ್ಲಿ ಏನು ಕೆಟ್ಟಿತು?

ನಾನು ಮೊದಲು ಮಾಡಿದ ಕೆಲಸ, ಉತ್ತರ ತಪ್ಪು ಅಂತ ಲೆಕ್ಕದಿಂದಲೇ ಖಚಿತ ಮಾಡಿಕೊಂಡದ್ದು. ರಸಾಯನಶಾಸ್ತ್ರ ಗೊತ್ತಿರುವವಳು ಪಕ್ಕದಲ್ಲಿ ಇಲ್ಲದಿದ್ದರೆ ಹೇಗೆ ಗೊತ್ತಾಗಬೇಕಿತ್ತು? ಎಲ್ಲರೂ ಮಾಡುವ ಪರೀಕ್ಷೆ ಅಂದರೆ ಕರ್ಣದ ಮೊತ್ತ: ಐಗನ್‌ವ್ಯಾಲ್ಯೂಗಳ ಮೊತ್ತವೂ ಕರ್ಣದ ಮೊತ್ತವೂ ಒಂದೇ ಇರಬೇಕು. ಇಲ್ಲಿ ಎರಡೂ ಸೊನ್ನೆ. ಪಾಸ್! ಈ ಪರೀಕ್ಷೆ ಇಲ್ಲಿ ನಯಾಪೈಸೆ ಉಪಯೋಗಕ್ಕಿಲ್ಲ, ಯಾಕೆಂದರೆ QᵀAQ ಯಾವತ್ತೂ ಆ ಮೊತ್ತವನ್ನು ಕಾಪಾಡುತ್ತದೆ, ಅರ್ಧಕ್ಕೆ ನಿಂತರೂ ಸರಿ ಹೊಂದುತ್ತದೆ. ಬೇರೆ ಪರೀಕ್ಷೆ ಬೇಕು. ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ನಲ್ಲಿ ಐಗನ್‌ವ್ಯಾಲ್ಯೂಗಳ ವರ್ಗಗಳ ಮೊತ್ತ, ಮ್ಯಾಟ್ರಿಕ್ಸ್‌ನ ಎಲ್ಲಾ ಸಂಖ್ಯೆಗಳ ವರ್ಗಗಳ ಮೊತ್ತಕ್ಕೆ ಸಮ. ಇಲ್ಲಿ ಆರು ಒಂದುಗಳಿವೆ, ಆದ್ದರಿಂದ ಆ ಮೊತ್ತ 6 ಬರಬೇಕು. ನನಗೆ ಬಂದದ್ದು 0. ಅಲ್ಲಿಗೆ ಮುಗಿಯಿತು, ವಾದಕ್ಕೆ ಜಾಗವೇ ಇಲ್ಲ.

ಆಮೇಲೆ ಪೆನ್ನು ಹಿಡಿದು ಒಂದು ಸುತ್ತು ಕೈಯಲ್ಲೇ ಮಾಡಿದೆ. ಮೊದಲ ಕಂಬಸಾಲು (0,1,0,0). ಉದ್ದ ಆಗಲೇ 1, ಹಾಗೇ ಇಟ್ಟುಕೊಳ್ಳಬಹುದು. ಎರಡನೆಯದು (1,0,1,0), ಮೊದಲನೆಯದಕ್ಕೆ ಆಗಲೇ ಲಂಬ, √2ರಿಂದ ಭಾಗಿಸಿದರೆ ಸಾಕು. ಮೂರನೆಯದು (0,1,0,1), ಅದರಿಂದ ಮೊದಲನೆಯದನ್ನು ಕಳೆದರೆ (0,0,0,1). ನಾಲ್ಕನೆಯದರಿಂದ ಎರಡನೆಯದರ ಪಾಲು ತೆಗೆದರೆ (−1,0,1,0)ರ ದಿಕ್ಕು ಉಳಿಯುತ್ತದೆ. R ಹೀಗೆ ಬರುತ್ತದೆ:

```
1   0   1   0
0   √2  0   1/√2
0   0   1   0
0   0   0   1/√2
```

ತಿರುಗಿಸಿ ಗುಣಿಸಿದರೆ RQ:

```
0       1.4142  0       0
1.4142  0       0.7071  0
0       0.7071  0       0.7071
0       0       0.7071  0
```

ಕರ್ಣ ನೋಡಿ. ಮತ್ತೆ ಪೂರ್ತಿ ಸೊನ್ನೆ. ಪಕ್ಕದ ಸಂಖ್ಯೆಗಳು ಬದಲಾಗಿವೆ, ಕರ್ಣ ಮಾತ್ರ ಅಲುಗಿಲ್ಲ. ನನ್ನ ಪ್ರೋಗ್ರಾಂ ನೋಡುತ್ತಿದ್ದದ್ದು ಕರ್ಣ ಎಷ್ಟು ಬದಲಾಯಿತು ಅನ್ನುವುದನ್ನು ಮಾತ್ರ. ಬದಲಾವಣೆ ಸೊನ್ನೆ, ಅಥವಾ ರೌಂಡಿಂಗ್‌ನಿಂದ 10⁻¹⁶ರ ಆಸುಪಾಸು, ಆದ್ದರಿಂದ ಮೊದಲ ಸುತ್ತಿಗೇ "ಮುಗಿಯಿತು" ಅಂತ ಕೈ ತೊಳೆದುಕೊಂಡಿತು. ತಪ್ಪು ನಂಬರ್ ಒಂದು ಸಿಕ್ಕಿತು: ನಿಲ್ಲಿಸುವ ಷರತ್ತೇ ತಪ್ಪು. ನೋಡಬೇಕಾದದ್ದು ಕರ್ಣದ ಪಕ್ಕದ ಸಂಖ್ಯೆಗಳು ಸೊನ್ನೆಗೆ ಹತ್ತಿರ ಬಂದವೋ ಇಲ್ಲವೋ ಅಂತ. ಕರ್ಣ ನಿಂತಿದೆಯೋ ಓಡುತ್ತಿದೆಯೋ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಷರತ್ತು ಬದಲಿಸಿದೆ. ಈಗ ಪ್ರೋಗ್ರಾಂ ನಿಲ್ಲುವುದೇ ಇಲ್ಲ! ಒಂದು ಸಾವಿರ ಸುತ್ತು ಕೊಟ್ಟರೂ ಕರ್ಣ ಸೊನ್ನೆಯೇ. ಹಾಗಾದರೆ ಸಮಸ್ಯೆ ಬರೀ ಷರತ್ತಿನದ್ದಲ್ಲ.

ಕಾರಣ ನಿಜಕ್ಕೂ ಚಂದ ಇದೆ. ನಾಲ್ಕು ಪರಮಾಣುಗಳಿಗೆ ಒಂದು ಬಿಟ್ಟು ಒಂದಕ್ಕೆ ಬಣ್ಣ ಹಚ್ಚಿ: 1 ಮತ್ತು 3 ಕಪ್ಪು, 2 ಮತ್ತು 4 ಬಿಳಿ. A ಯಾವಾಗಲೂ ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ಕಳಿಸುತ್ತದೆ, ಒಂದೇ ಬಣ್ಣದ ಇಬ್ಬರ ನಡುವೆ ಬಂಧವಿಲ್ಲ. ಈಗ ಮೇಲಿನ R ಮತ್ತೊಮ್ಮೆ ನೋಡಿ. ಸೊನ್ನೆ ಅಲ್ಲದ ಜಾಗಗಳು (1,1), (1,3), (2,2), (2,4), (3,3), (4,4). ಎಲ್ಲವೂ ಒಂದೇ ಬಣ್ಣದೊಳಗೆ. ಅಂದರೆ R ಬಣ್ಣ ಬದಲಿಸುವುದಿಲ್ಲ, ಬದಲಿಸುವ ಕೆಲಸ ಪೂರ್ತಿ Qದು. ಹಾಗಾಗಿ QR ಗುಣಿಸಿದರೂ ಬಣ್ಣ ಒಂದು ಸಲ ಬದಲಾಗುತ್ತದೆ, RQ ಗುಣಿಸಿದರೂ ಒಂದೇ ಸಲ. ಕರ್ಣದ ಮೇಲೆ ಸಂಖ್ಯೆ ಬರಬೇಕಾದರೆ ಬಣ್ಣ ಬದಲಾಗಬಾರದು, ಆದರೆ ಅದು ಪ್ರತಿ ಸಲವೂ ಬದಲಾಗುತ್ತದೆ. ಆದ್ದರಿಂದ ಎಷ್ಟು ಸುತ್ತು ಹೊಡೆದರೂ ಕರ್ಣ ಸೊನ್ನೆಯೇ. ಇದು ಬ್ಯುಟಾಡೈನ್‌ನ ಅದೃಷ್ಟ ಕೆಟ್ಟಿದ್ದಲ್ಲ. ಈ ರೀತಿ ಎರಡು ಬಣ್ಣ ಹಚ್ಚಲು ಬರುವ ಎಲ್ಲಾ ಅಣುಗಳಲ್ಲೂ ಮಟ್ಟಗಳು ಪ್ಲಸ್‌ಮೈನಸ್ ಜೋಡಿಯಾಗಿ ಬರುತ್ತವೆ ಅಂತ ರಸಾಯನಶಾಸ್ತ್ರದವರು 1940ರಲ್ಲೇ ತೋರಿಸಿದ್ದಾರೆ. ಗೆಳತಿಗೆ ಅದು ಬಾಯಿಪಾಠ. "ನನ್ನನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ" ಅಂದಳು. ನಾನು ಕೇಳಿರಲಿಲ್ಲ.

ಆ ಪ್ಲಸ್‌ಮೈನಸ್ ಜೋಡಿಯೇ ಇಡೀ ಕಾಯಿಲೆಯ ಬೇರು. ಕ್ಯೂಆರ್‌ನ ಸುತ್ತುಗಳು ಒಳಗೊಳಗೇ A, A², A³ ಹೀಗೆ ಘಾತಗಳನ್ನು ಲೆಕ್ಕ ಹಾಕುತ್ತಿರುತ್ತವೆ. ಘಾತ ಏರಿದಂತೆ ದೊಡ್ಡ ಐಗನ್‌ವ್ಯಾಲ್ಯೂ ಚಿಕ್ಕದನ್ನು ಮುಳುಗಿಸಿ ಮೇಲೆ ಬರುತ್ತದೆ, ಅದರಿಂದಲೇ ಅವು ಬೇರೆ ಬೇರೆ ಆಗುತ್ತವೆ. ಎರಡು ಐಗನ್‌ವ್ಯಾಲ್ಯೂಗಳ ನಡುವಿನ ಪಕ್ಕದ ಸಂಖ್ಯೆ ಪ್ರತಿ ಸುತ್ತಿಗೆ ಅವುಗಳ ಗಾತ್ರದ ಅನುಪಾತದಷ್ಟು ಕುಗ್ಗುತ್ತದೆ. ಗಾತ್ರ ಅಂದರೆ ಚಿಹ್ನೆ ಬಿಟ್ಟು. 1.618 ಮತ್ತು −1.618 ಇದ್ದರೆ ಅನುಪಾತ 1. ಒಂದು ಕೂದಲೆಳೆಯಷ್ಟೂ ಕುಗ್ಗುವುದಿಲ್ಲ.

ನಮ್ಮ ಮ್ಯಾಟ್ರಿಕ್ಸ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪಕ್ಕದ ಮೂರು ಸಂಖ್ಯೆಗಳನ್ನು a, b, c ಅಂತ ಕರೆಯೋಣ. ಮೇಲೆ ಕೈಯಲ್ಲಿ ಮಾಡಿದ ಲೆಕ್ಕವನ್ನೇ ಅಕ್ಷರಗಳಲ್ಲಿ ಮಾಡಿದರೆ ಒಂದು ಸುತ್ತಿನ ನಿಯಮ ಹೀಗೆ ಬರುತ್ತದೆ: s = √(a² + b²) ತೆಗೆದುಕೊಳ್ಳಿ, ಹೊಸ ಸಂಖ್ಯೆಗಳು s, bc/s, ac/s. ಕ್ಯಾಲ್ಕುಲೇಟರ್ ಸಾಕು.

```
ಸುತ್ತು    a        b        c
0      1.0000   1.0000   1.0000
1      1.4142   0.7071   0.7071
2      1.5811   0.3162   0.6325
3      1.6125   0.1240   0.6202
4      1.6172   0.0476   0.6183
5      1.6179   0.0182   0.6181
```

ನಡುವಿನ b ಮಾತ್ರ ಸಾಯುತ್ತಿದೆ, ಪ್ರತಿ ಸಲ ಸುಮಾರು 0.382 ಪಟ್ಟು ಆಗುತ್ತಾ. ಅದು 0.618 ಭಾಗಿಸು 1.618. a ಮತ್ತು c ಸಾಯುವುದಿಲ್ಲ, ಅವು 1.618 ಮತ್ತು 0.618ಕ್ಕೆ ಹೋಗಿ ನಿಲ್ಲುತ್ತವೆ. (ಇಲ್ಲೊಂದು ಪುಟ್ಟ ಖುಷಿ: aಯ ವರ್ಗಗಳು 1, 2, 5/2, 13/5, 34/13, 89/34. ಫಿಬೊನಾಚಿ ಸಂಖ್ಯೆಗಳು ಇಲ್ಲಿ ಬಂದು ಕೂತಿವೆ, ಯಾರೂ ಕರೆದಿರಲಿಲ್ಲ.)

ಹಾಗಾದರೆ ಅಲ್ಗಾರಿದಮ್ ಸೋತಿತಾ? ಪೂರ್ತಿ ಅಲ್ಲ. ಅದು ಮ್ಯಾಟ್ರಿಕ್ಸನ್ನು ಎರಡು 2×2 ತುಂಡುಗಳಾಗಿ ಮಾಡಿ ಕೊಟ್ಟಿದೆ, ಮೇಲಿನದರಲ್ಲಿ 0, 1.618, 1.618, 0, ಕೆಳಗಿನದರಲ್ಲಿ 0, 0.618, 0.618, 0. ಪ್ರತಿ ತುಂಡಿನ ಐಗನ್‌ವ್ಯಾಲ್ಯೂ ವರ್ಗ ಸಮೀಕರಣದಿಂದ ತಕ್ಷಣ ಸಿಗುತ್ತದೆ: ±1.618, ±0.618. ಅಂದರೆ ಉತ್ತರ ಅಲ್ಲೇ ಇತ್ತು, ನಾನು ಕರ್ಣ ಓದುತ್ತಿದ್ದೆ, ತುಂಡು ಓದಬೇಕಿತ್ತು. bಯನ್ನು 10⁻¹²ಕ್ಕಿಂತ ಕೆಳಗೆ ಇಳಿಸಲು ಮೂವತ್ತು ಸುತ್ತು ಬೇಕು, ಅದೇನೂ ಜಾಸ್ತಿ ಅಲ್ಲ.

ಆದರೂ ನನಗೆ ಸಮಾಧಾನ ಆಗಲಿಲ್ಲ. ಅಣು ದೊಡ್ಡದಾದರೆ ಅನುಪಾತಗಳು 1ಕ್ಕೆ ಹತ್ತಿರ ಹತ್ತಿರ ಬರುತ್ತವೆ, ಮೂವತ್ತು ಸುತ್ತು ಮುನ್ನೂರೂ ಆಗಬಹುದು, ಮೂರು ಸಾವಿರವೂ ಆಗಬಹುದು. ಮತ್ತೆ ನಿನ್ನೆಯ ಮ್ಯಾಟ್ರಿಕ್ಸ್ ಯಾಕೆ ಸಲೀಸಾಗಿ ಕೆಲಸ ಮಾಡಿತ್ತು ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಕೂತು ನೋಡಿದರೆ, ಅದು ಮೂರು ಪರಮಾಣುಗಳ ಸರಪಳಿಯೇ! 2I ಯಿಂದ ಆ ಸರಪಳಿಯ ಮ್ಯಾಟ್ರಿಕ್ಸನ್ನು ಕಳೆದದ್ದು, ಅಷ್ಟೇ. ಸರಪಳಿಯ ಸ್ವಂತ ಐಗನ್‌ವ್ಯಾಲ್ಯೂಗಳು 1.4142, 0, −1.4142, ಅದೇ ಪ್ಲಸ್‌ಮೈನಸ್ ಕಾಯಿಲೆ. ಕರ್ಣದ ಮೇಲಿನ 2 ಅವನ್ನೆಲ್ಲ ಪಕ್ಕಕ್ಕೆ ತಳ್ಳಿ ಪಾಸಿಟಿವ್ ಮಾಡಿತ್ತು. ಅಂದರೆ ನನ್ನ ಟೆಸ್ಟ್‌ಗೆ ನನಗೇ ಗೊತ್ತಿಲ್ಲದೆ ಔಷಧಿ ಬೆರೆಸಿಟ್ಟಿದ್ದೆ.

ಔಷಧಿಯ ಹೆಸರು ಶಿಫ್ಟ್. A ಬದಲು A − μI ಅನ್ನು ಒಡೆದು, ತಿರುಗಿಸಿ ಗುಣಿಸಿ, ಕೊನೆಗೆ μI ವಾಪಸ್ ಕೂಡಿಸುವುದು. ಐಗನ್‌ವ್ಯಾಲ್ಯೂಗಳು ಹಾಗೇ ಉಳಿಯುತ್ತವೆ, ಆದರೆ ಸ್ಪರ್ಧೆ ಈಗ λಗಳ ನಡುವೆ ಅಲ್ಲ, λ − μಗಳ ನಡುವೆ. μ ಎಷ್ಟು ಅಂತ ಆರಿಸುವುದರಲ್ಲೇ ಎಲ್ಲಾ ಇದೆ, ಮತ್ತು ಅಲ್ಲಿ ನಾನು ಮೂರು ಸಲ ಎಡವಿದೆ.

ಮೊದಲು ಸುಮ್ನೆ ಕೈಗೆ ಬಂದ 0.5 ಹಾಕಿದೆ. ಪ್ಲಸ್‌ಮೈನಸ್ ಸಮತೋಲ ಮುರಿಯುತ್ತದಲ್ಲ, ಸಾಕು ಅಂದುಕೊಂಡೆ. ಕೆಳಗಿನ ಮೂಲೆಯಲ್ಲಿ 0.618 ಬೇಗ ಬಂತು, ಮೇಲೆ −1.618 ನಿಧಾನಕ್ಕೆ ಬಂತು, ಆದರೆ ನಡುವಿನ ಎರಡು ಮತ್ತೆ ಸಿಕ್ಕಿಕೊಂಡವು. ಲೆಕ್ಕ ಹಾಕಿದರೆ 1.618 − 0.5 = 1.118, ಮತ್ತು −0.618 − 0.5 = −1.118. ಒಂದು ಟೈ ಬಿಡಿಸಲು ಹೋಗಿ ಇನ್ನೊಂದು ಟೈ ಕಟ್ಟಿದ್ದೆ. ಈ ಅಣುವಿನ ಸಂಖ್ಯೆಗಳೇ ಹಾಗೆ, 1.618 ಮತ್ತು −0.618ರ ಸರಿಯಾದ ಮಧ್ಯಬಿಂದು 0.5. ಇಷ್ಟು ಕರಾರುವಾಕ್ಕಾಗಿ ತಪ್ಪು ಆರಿಸಲು ಬೇಕೆಂದರೂ ಆಗುತ್ತಿರಲಿಲ್ಲ.

−2 ಹಾಕಿದರೆ, ಅಂದರೆ ಎಲ್ಲಕ್ಕೂ 2 ಕೂಡಿಸಿದರೆ, ಟೈ ಇಲ್ಲ: 3.618, 2.618, 1.382, 0.382. ಆದರೆ ಮೊದಲೆರಡರ ಅನುಪಾತ 0.72, ಪಕ್ಕದ ಸಂಖ್ಯೆಯನ್ನು 10⁻¹⁰ಕ್ಕೆ ಇಳಿಸಲು 70ರ ಆಚೀಚೆ ಸುತ್ತು. ನಾಲ್ಕು ಸಾಲಿನ ಮ್ಯಾಟ್ರಿಕ್ಸ್‌ಗೆ ಇದು ಅತಿಯಾಯಿತು.

ಸ್ಥಿರವಾದ ಶಿಫ್ಟ್ ಬಿಡಿ, ಪ್ರತಿ ಸುತ್ತಿಗೂ ಹೊಸದು ಆರಿಸಿ ಅನ್ನುವುದು ಗೊತ್ತಿರುವವರ ಮಾತು. ಕೆಳಗಿನ ಮೂಲೆಯ ಸಂಖ್ಯೆ ಒಂದು ಐಗನ್‌ವ್ಯಾಲ್ಯೂ ಕಡೆಗೆ ಹೋಗುತ್ತಿರುತ್ತದೆ. ಅದನ್ನೇ μ ಮಾಡಿಕೊಂಡರೆ ಆ λ − μ ಸೊನ್ನೆಗೆ ಹತ್ತಿರವಾಗಿ ಅನುಪಾತ ತೀರಾ ಚಿಕ್ಕದಾಗುತ್ತದೆ, ಮೂಲೆ ಸರ್ರನೆ ಬೇರೆಯಾಗುತ್ತದೆ. ಇದು ರೇಲಿ ಶಿಫ್ಟ್. ಬೇರೆ ಕಡೆ ಅದ್ಭುತ. ಆದರೆ ನಮ್ಮ ಮ್ಯಾಟ್ರಿಕ್ಸ್‌ನ ಮೂಲೆಯಲ್ಲಿ ಇರುವುದು 0, μ = 0, ಅಂದರೆ ಶಿಫ್ಟೇ ಇಲ್ಲ. ಮತ್ತೆ ಮೊದಲಿಗೇ ವಾಪಸ್. ಎಥಿಲೀನ್ ತೆಗೆದುಕೊಂಡರೆ ಇನ್ನೂ ತಮಾಷೆ, ಎರಡೇ ಪರಮಾಣು, ಮ್ಯಾಟ್ರಿಕ್ಸ್ 0, 1, 1, 0. ಅದೇ Q, R ಅಂದರೆ I. ತಿರುಗಿಸಿ ಗುಣಿಸಿದರೆ ಹೋದದ್ದೇ ವಾಪಸ್ ಬರುತ್ತದೆ, ಒಂದು ಅಂಕಿಯೂ ಬದಲಾಗದೆ.

ಇದಕ್ಕೆ ಮದ್ದು ವಿಲ್ಕಿನ್ಸನ್ ಶಿಫ್ಟ್. ಮೂಲೆಯ ಒಂದು ಸಂಖ್ಯೆ ನೋಡುವ ಬದಲು ಕೆಳಗಿನ ಮೂಲೆಯ 2×2 ತುಂಡನ್ನು ನೋಡಿ, ಅದರ ಎರಡು ಐಗನ್‌ವ್ಯಾಲ್ಯೂಗಳಲ್ಲಿ ಮೂಲೆಯ ಸಂಖ್ಯೆಗೆ ಯಾವುದು ಹತ್ತಿರವೋ ಅದನ್ನು μ ಮಾಡಿ. ಸಿಮೆಟ್ರಿಕ್ ಆಗಿದ್ದು ಕರ್ಣ ಮತ್ತು ಅದರ ಪಕ್ಕ ಮಾತ್ರ ಸಂಖ್ಯೆ ಇರುವ ಮ್ಯಾಟ್ರಿಕ್ಸ್‌ಗೆ ಇದು ಎಲ್ಲಿಂದ ಶುರು ಮಾಡಿದರೂ ಗುರಿ ಮುಟ್ಟುತ್ತದೆ ಅಂತ 1968ರಲ್ಲಿ ಜೇಮ್ಸ್ ವಿಲ್ಕಿನ್ಸನ್ ಸಾಧಿಸಿ ತೋರಿಸಿದರು. ನಾನು ಖುಷಿಯಿಂದ ಸೂತ್ರ ಟೈಪ್ ಮಾಡಿದೆ:

```python
d = (A[-2,-2] - A[-1,-1]) / 2
b = A[-1,-2]
mu = A[-1,-1] - np.sign(d)*b*b / (abs(d) + np.hypot(d, b))
```

ಮತ್ತೆ ಮೊದಲ ಸುತ್ತಿನಲ್ಲಿ μ = 0! ಇದು ನನ್ನ ಮೂರನೇ ಎಡವಟ್ಟು, ಎಲ್ಲಕ್ಕಿಂತ ನುಣುಪಾದದ್ದು. ನಮ್ಮ ತುಂಡಿನ ಐಗನ್‌ವ್ಯಾಲ್ಯೂಗಳು +1 ಮತ್ತು −1, ಮೂಲೆಯ 0ಗೆ ಎರಡೂ ಸಮಾನ ದೂರ. ಯಾವುದಾದರೂ ಒಂದನ್ನು ಆರಿಸಲೇಬೇಕು. ಆದರೆ d ಸೊನ್ನೆ ಆದಾಗ `np.sign(0)` ಕೊಡುವುದು 0, ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ. ಆ ಗುಣಲಬ್ಧ ಪೂರ್ತಿ ಮಾಯ, ವಿಲ್ಕಿನ್ಸನ್ ಶಿಫ್ಟ್ ಸದ್ದಿಲ್ಲದೆ ರೇಲಿ ಶಿಫ್ಟ್ ಆಗಿಬಿಟ್ಟಿತು. ಇದರ ಕೆಟ್ಟ ಗುಣ ಏನೆಂದರೆ ಕೆಲವೊಮ್ಮೆ ತಾನೇ ವಾಸಿಯಾಗುತ್ತದೆ: ಒಂದೆರಡು ಸುತ್ತಿನ ಮೇಲೆ ರೌಂಡಿಂಗ್ ತಪ್ಪಿನಿಂದ d 10⁻¹⁷ ಆಗಿಬಿಟ್ಟರೆ ಚಿಹ್ನೆ ಸಿಕ್ಕಿ ಲೆಕ್ಕ ಮುಂದೆ ಓಡುತ್ತದೆ. d ಸರಿಯಾಗಿ ಸೊನ್ನೆಯಾಗೇ ಉಳಿದರೆ ಓಡುವುದಿಲ್ಲ. ರೌಂಡಿಂಗ್ ತಪ್ಪಿನ ದಯೆಯಿಂದ ನಡೆಯುವ ಪ್ರೋಗ್ರಾಂ ಯಾರಿಗೆ ಬೇಕು? ಒಂದು ಸಾಲು ಸೇರಿಸಿದೆ, ಸೂತ್ರದಲ್ಲಿ `np.sign(d)` ಜಾಗಕ್ಕೆ ಈ `s` ಹಾಕಿದೆ:

```python
s = 1.0 if d >= 0 else -1.0
```

ಈಗ μ = −1. ಲೆಕ್ಕ ಕೈಯಲ್ಲೂ ಮಾಡಬಹುದು. A + I ಒಡೆದು, ತಿರುಗಿಸಿ ಗುಣಿಸಿ, I ವಾಪಸ್ ಕಳೆದರೆ ಕರ್ಣ 1, 0, −0.3333, −0.6667 ಆಗುತ್ತದೆ. ಸೊನ್ನೆಗಳ ಗೋಡೆ ಒಂದೇ ಏಟಿಗೆ ಬಿತ್ತು. ಮೂಲೆಯ −0.6667 ಆಗಲೇ −0.618ರ ವಾಸನೆ ಹಿಡಿದಿದೆ. ಎರಡನೇ ಸುತ್ತಿನ ಶಿಫ್ಟೂ ಮತ್ತೆ −1 ಬರುತ್ತದೆ, ಆ ಸುತ್ತಿನಲ್ಲಿ ಮೂಲೆ ಅಲುಗುವುದಿಲ್ಲ, −0.6667ರಲ್ಲೇ ಇರುತ್ತದೆ. ಇಲ್ಲಿ ಗಾಬರಿಯಾಗಿ ನಿಲ್ಲಿಸಬಾರದು. (ನನ್ನ ಹಳೆಯ ನಿಲ್ಲಿಸುವ ಷರತ್ತನ್ನು ಮೂಲೆಗೆ ಮಾತ್ರ ಹಾಕಿದ್ದರೆ ಇಲ್ಲೇ ನಿಂತು ತಪ್ಪು ಉತ್ತರ ಕೊಡುತ್ತಿತ್ತು!) ಯಾಕೆಂದರೆ ಮೂಲೆಯ ಪಕ್ಕದ ಸಂಖ್ಯೆ ಅರ್ಧ ಆಗಿದೆ. ಮೂರನೇ ಸುತ್ತಿನ ಶಿಫ್ಟ್ −0.5918, ಆಮೇಲೆ ನೋಡಿ:

```
ಸುತ್ತು    ಮೂಲೆಯ ಸಂಖ್ಯೆ    ಪಕ್ಕದ ಸಂಖ್ಯೆಯ ಗಾತ್ರ
0        0           1
1       -0.6667      0.4714
2       -0.6667      0.2357
3       -0.61807     0.0062
4       -0.618034    ಸುಮಾರು 6 × 10⁻⁸
```

ಮೊದಲ ಎರಡು ಸುತ್ತು ತಡಕಾಡುತ್ತದೆ, ದಾರಿ ಸಿಕ್ಕ ಮೇಲೆ ಬಾಣದ ಹಾಗೆ. ಶಿಫ್ಟ್ ಇಲ್ಲದಾಗ ಇದೇ ಪಕ್ಕದ ಸಂಖ್ಯೆ 0.618ರಲ್ಲಿ ಕಲ್ಲಿನಂತೆ ಕೂತಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಐದನೇ ಸುತ್ತಿಗೆ ಅದು ಕಂಪ್ಯೂಟರ್ ಕಣ್ಣಿಗೆ ಸೊನ್ನೆಯೇ. ಆಗ ಕೊನೆಯ ಸಾಲು ಮತ್ತು ಕಂಬಸಾಲನ್ನು ಕತ್ತರಿಸಿ ಬಿಸಾಕಿ, ಉಳಿದ 3×3ರ ಮೇಲೆ ಅದೇ ಆಟ ಮುಂದುವರಿಸುವುದು. ಅದು ಮುಗಿದರೆ 2×2. ಪ್ರತಿ ಸಲ ಕೆಲಸ ಚಿಕ್ಕದಾಗುತ್ತದೆ. ಹೀಗೆ ಕತ್ತರಿಸದೆ ಪೂರ್ತಿ ಮ್ಯಾಟ್ರಿಕ್ಸನ್ನೇ ತಿರುಗಿಸುತ್ತಾ ಕೂತರೆ, ಶಿಫ್ಟ್ ಸಿಕ್ಕ ಐಗನ್‌ವ್ಯಾಲ್ಯೂಗೇ ಅಂಟಿಕೊಂಡಿರುತ್ತದೆ, ಮೇಲಿನವು ನಿಧಾನಕ್ಕೆ ತೆವಳುತ್ತವೆ.

ಈ ಔಷಧಿಗೂ ಒಂದು ಗಡಿ ಇದೆ. ಸಿಮೆಟ್ರಿಕ್ ಅಲ್ಲದ ಮ್ಯಾಟ್ರಿಕ್ಸ್‌ಗಳಲ್ಲಿ ಐಗನ್‌ವ್ಯಾಲ್ಯೂಗಳು ಕಾಂಪ್ಲೆಕ್ಸ್ ಜೋಡಿಯಾಗಿ ಬರಬಹುದು, ಅವುಗಳ ಗಾತ್ರ ಯಾವ ರಿಯಲ್ ಶಿಫ್ಟ್ ಹಾಕಿದರೂ ಸಮವೇ. ಅಲ್ಲಿ 2×2 ತುಂಡು ಉಳಿಯುವುದು ತಪ್ಪಲ್ಲ, ಅದೇ ಸರಿಯಾದ ಕೊನೆ. ಫ್ರಾನ್ಸಿಸ್ ಅದಕ್ಕೆಂದೇ ಎರಡು ಶಿಫ್ಟ್‌ಗಳನ್ನು ಒಟ್ಟಿಗೆ ಹಾಕಿ, ಕಾಂಪ್ಲೆಕ್ಸ್ ಸಂಖ್ಯೆಗಳನ್ನು ಮುಟ್ಟದೆಯೇ ಮುಗಿಸುವ ಉಪಾಯ ಮಾಡಿದ್ದರು.

ಬ್ಯುಟಾಡೈನ್ ಉತ್ತರ ಗೆಳತಿಗೆ ಕಳಿಸಿದೆ: 1.618, 0.618, −0.618, −1.618. ಅವಳು ನಾಲ್ಕು ಎಲೆಕ್ಟ್ರಾನ್‌ಗಳನ್ನು ಮೊದಲ ಎರಡು ಮಟ್ಟಗಳಲ್ಲಿ ಕೂರಿಸಿದಳು. 2 × 1.618 + 2 × 0.618 = 4.472. ಎರಡು ಬಿಡಿ ಎಥಿಲೀನ್ ಆಗಿದ್ದರೆ 4 ಬರುತ್ತಿತ್ತು. ಆ 0.472 ಜಾಸ್ತಿ ಇದೆಯಲ್ಲ, ಅದೇ ಅವಳಿಗೆ ಮಕ್ಕಳಿಗೆ ತೋರಿಸಬೇಕಾಗಿದ್ದದ್ದು, ಎಲೆಕ್ಟ್ರಾನ್‌ಗಳು ನಾಲ್ಕೂ ಪರಮಾಣುಗಳ ಮೇಲೆ ಹರಡಿಕೊಂಡದ್ದರಿಂದ ಬಂದ ಲಾಭ.

"ಹಾಗಾದರೆ ನಾಳೆ ಬೆಂಜೀನ್" ಅಂದಳು.

ಬೆಂಜೀನ್ ಉಂಗುರ, ಮೂಲೆಗಳಲ್ಲೂ 1 ಇರುತ್ತದೆ. ಅದನ್ನು ಮೊದಲು ಹೌಸ್‌ಹೋಲ್ಡರ್ ವಿಧಾನದಿಂದ ಕರ್ಣ ಮತ್ತು ಪಕ್ಕ ಮಾತ್ರ ಉಳಿಯುವ ಆಕಾರಕ್ಕೆ ತರಬೇಕು. ಅದರ ಐಗನ್‌ವ್ಯಾಲ್ಯೂಗಳು 2, 1, 1, −1, −1, −2, ಎರಡು ಸಲ ಬರುವವು ಇವೆ. ಪಕ್ಕದ ಸಂಖ್ಯೆಗಳು ಒಂದೂ ಸೊನ್ನೆ ಇಲ್ಲದಿದ್ದರೆ ಐಗನ್‌ವ್ಯಾಲ್ಯೂ ಎರಡು ಸಲ ಬರಲು ಸಾಧ್ಯವೇ ಇಲ್ಲ, ಆದ್ದರಿಂದ ಎಲ್ಲೋ ಒಂದು ಸೊನ್ನೆ ಇರಲೇಬೇಕು. ಇತ್ತು, ನಾಲ್ಕು ಮತ್ತು ಐದನೇ ಸಾಲಿನ ನಡುವೆ. ಬರೀ ಕೊನೆಯ ಮೂಲೆ ನೋಡುತ್ತಿದ್ದ ನನ್ನ ಪ್ರೋಗ್ರಾಂಗೆ ಅದು ಕಾಣುತ್ತಿರಲಿಲ್ಲ, ಎಲ್ಲಾ ಪಕ್ಕದ ಸಂಖ್ಯೆಗಳನ್ನೂ ನೋಡುವಂತೆ ತಿದ್ದಿದೆ. ಮ್ಯಾಟ್ರಿಕ್ಸ್ 4 ಮತ್ತು 2 ಸಾಲುಗಳಾಗಿ ತಾನೇ ಒಡೆಯಿತು. ಕೆಳಗಿನ ಆ ಎರಡು ಸಾಲಿನ ತುಂಡು ತೆರೆದು ನೋಡಿದರೆ, ಕರ್ಣದ ಮೇಲೆ 0, 0, ಪಕ್ಕದಲ್ಲಿ 1. ಚಿಹ್ನೆ ಒಂದು ಬಿಟ್ಟರೆ ಅದೇ ಎಥಿಲೀನ್.